ಕೆಂಪು ಎದೆ, ಹಳದಿ ಮಿಂಚು: ಇವನು ಯಾರು?

ಕಾಮಿಕ್ ಪುಸ್ತಕದ ಪುಟವೊಂದರಿಂದ ಒಂದೇ ಒಂದು ಚೌಕವನ್ನು ಕತ್ತರಿಸಿ ಮೇಜಿನ ಮೇಲಿಟ್ಟಿದ್ದಾರೆ ಎಂದುಕೊಳ್ಳಿ. ಮೇಲೆ ಗದ್ದದಿಂದ ಕೆಳಗೆ ಸೊಂಟದವರೆಗೆ ಮಾತ್ರ ಕಾಣುವ ಒಬ್ಬ ಗಟ್ಟಿಮುಟ್ಟಾದ ಗಂಡಸು. ಮೈಗಂಟಿದ ಕೆಂಪು ಉಡುಪು, ಎದೆಯ ಮೇಲೆ ಹಳದಿ ಮಿಂಚು. ಮಾತಿನ ಗುಳ್ಳೆಯಿಲ್ಲ, ಹೆಸರಿಲ್ಲ, ಪುಟಸಂಖ್ಯೆಯೂ ಇಲ್ಲ. ಸಿನಿಮಾ, ಟೀವಿ ನೋಡಿಕೊಂಡು ಬೆಳೆದವರು ತಡಮಾಡದೆ ‘ಫ್ಲ್ಯಾಶ್’ ಎನ್ನುತ್ತಾರೆ. ಹಳೆಯ ಪುಸ್ತಕಗಳನ್ನು ಗುಡ್ಡೆಹಾಕಿಕೊಂಡವರು ಮಾತ್ರ ತುಸು ತಡೆದು, ‘ಯಾವ ಫ್ಲ್ಯಾಶ್? ಅಥವಾ ಫ್ಲ್ಯಾಶೇ ಅಲ್ಲವೋ?’ ಎಂದು ಕೇಳುತ್ತಾರೆ.

ಅವರು ತಡೆಯುವುದಕ್ಕೆ ಕಾರಣ 1940ರಲ್ಲಿದೆ. ಆ ವರ್ಷದ ಜನವರಿ ತಿಂಗಳ ಹೆಸರು ಹೊತ್ತು ಅಮೆರಿಕದಲ್ಲಿ ‘ಫ್ಲ್ಯಾಶ್ ಕಾಮಿಕ್ಸ್’ ಪತ್ರಿಕೆಯ ಮೊದಲ ಸಂಚಿಕೆ ಬಂತು. ಗಾರ್ಡ್ನರ್ ಫಾಕ್ಸ್ ಬರೆದು ಹ್ಯಾರಿ ಲ್ಯಾಂಪರ್ಟ್ ಚಿತ್ರಿಸಿದ ಅದರ ನಾಯಕ ಜೇ ಗ್ಯಾರಿಕ್. ಕೆಂಪು ಅಂಗಿ, ಅದರ ಮೇಲೆ ಹಳದಿ ಮಿಂಚು. ಮರುತಿಂಗಳೇ, ಫೆಬ್ರವರಿಯ ಹೆಸರಿನಲ್ಲಿ, ಫಾಸೆಟ್ ಎಂಬ ಇನ್ನೊಂದು ಪ್ರಕಾಶನ ಸಂಸ್ಥೆ ‘ವಿಜ್ ಕಾಮಿಕ್ಸ್’ ಪತ್ರಿಕೆಯಲ್ಲಿ ಕ್ಯಾಪ್ಟನ್ ಮಾರ್ವೆಲ್‌ನನ್ನು ತಂದಿತು. ಬಿಲ್ ಪಾರ್ಕರ್ ಕಥೆ, ಸಿ. ಸಿ. ಬೆಕ್ ಚಿತ್ರ. ಅವನಿಗೂ ಕೆಂಪು ಉಡುಪು, ಅವನ ಎದೆಯ ಮೇಲೂ ಹಳದಿ ಮಿಂಚು. ಮೊದಲಿನವನಿಗೆ ಮಿಂಚು ಓಟದ ವೇಗದ ಗುರುತು. ಎರಡನೆಯವನಿಗೆ ಅದು ಮಾಂತ್ರಿಕ ಸಿಡಿಲು: ಬಿಲ್ಲಿ ಬ್ಯಾಟ್ಸನ್ ಎಂಬ ಹುಡುಗ ‘ಶಜಾಮ್’ ಎಂದು ಕೂಗಿದಾಗ ಆಕಾಶದಿಂದ ಎರಗಿ ಅವನನ್ನು ಮಹಾಬಲನನ್ನಾಗಿ ಮಾಡುವಂಥದ್ದು. ಎದೆಯನ್ನಷ್ಟೇ ನೋಡುವವನಿಗೆ ಈ ಒಳಗುಟ್ಟು ತಿಳಿಯುವುದಾದರೂ ಹೇಗೆ?

ಲಾಂಛನದ ಬಗ್ಗೆ ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದದ್ದು ಇದೇ. ಅದು ಮನೆತನದ ಹೆಸರಿದ್ದಂತೆ. ಯಾವ ವಂಶ ಎಂದು ಹೇಳುತ್ತದೆ, ಆ ವಂಶದಲ್ಲಿ ಯಾರು ಎಂದು ಹೇಳುವುದಿಲ್ಲ. ಸೂಪರ್‌ಮ್ಯಾನನ ‘ಎಸ್’ ಅಕ್ಷರವನ್ನು ಸೂಪರ್‌ಗರ್ಲ್ ಕೂಡ ಧರಿಸುತ್ತಾಳೆ, ಸೂಪರ್‌ಬಾಯ್ ಕೂಡ. ಜೇಡದ ಗುರುತಿನ ಉಡುಪು ತೊಟ್ಟವರಂತೂ ಹಲವರು. ಆದ್ದರಿಂದ ಲಾಂಛನ ಕಂಡ ಕೂಡಲೇ ಉತ್ತರ ಸಿಕ್ಕಿತು ಎಂದುಕೊಳ್ಳುವವರು ಸಾಮಾನ್ಯವಾಗಿ ಎಡವುವುದು ಅಲ್ಲಿಯೇ. ಅನುಭವಿಗಳ ಕಣ್ಣು ಲಾಂಛನದಿಂದ ಅದರ ಅಂಚಿಗೆ, ಅಲ್ಲಿಂದ ಕೊರಳಿಗೆ, ಕೊನೆಗೆ ಸೊಂಟಕ್ಕೆ ಇಳಿಯುತ್ತದೆ.

ನಮ್ಮ ಚೌಕಕ್ಕೇ ಮರಳೋಣ. ಮಿಂಚಿನ ಹಿಂದೆ ಬಿಳಿಯ ವೃತ್ತವೊಂದು ಇದೆಯೇ ಎಂಬುದು ಮೊದಲ ಪ್ರಶ್ನೆ. ಇದ್ದರೆ ಜೇ ಗ್ಯಾರಿಕ್ ಮತ್ತು ಕ್ಯಾಪ್ಟನ್ ಮಾರ್ವೆಲ್ ಇಬ್ಬರೂ ಸ್ಪರ್ಧೆಯಿಂದ ಹೊರಬೀಳುತ್ತಾರೆ. ಏಕೆಂದರೆ ಅವರಿಬ್ಬರ ಮಿಂಚುಗಳಿಗೆ ಚೌಕಟ್ಟಿಲ್ಲ. ಕೆಂಪು ಬಟ್ಟೆಯ ಮೇಲೆ ದೊಡ್ಡದಾಗಿ, ನೇರವಾಗಿ ಬಿದ್ದಿರುತ್ತವೆ. ವೃತ್ತದೊಳಗೆ ಮಿಂಚನ್ನು ಕೂಡಿಸಿದವನು ಕಾರ್ಮೈನ್ ಇನ್‌ಫ್ಯಾಂಟಿನೊ. 1956ರಲ್ಲಿ ಡಿಸಿ ಸಂಸ್ಥೆ ‘ಶೋಕೇಸ್’ ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ಹೆಸರನ್ನಷ್ಟೇ ಉಳಿಸಿಕೊಂಡು ಹೊಸ ಫ್ಲ್ಯಾಶ್‌ನನ್ನು ಕಟ್ಟಿತು. ಅವನು ಬ್ಯಾರಿ ಆಲೆನ್. ತಲೆಯಿಂದ ಕಾಲಿನವರೆಗೆ ಒಂದೇ ಕೆಂಪು, ಹಳದಿ ಬೂಟು, ಕಿವಿಯ ಬಳಿ ಪುಟ್ಟ ಹಳದಿ ರೆಕ್ಕೆ, ಎದೆಯ ಮೇಲೆ ಬಿಳಿ ವೃತ್ತ. ಮಿಂಚಿನ ಎರಡೂ ತುದಿಗಳು ವೃತ್ತದ ಅಂಚನ್ನು ದಾಟಿ ಹೊರಗೆ ಚಾಚಿರುತ್ತವೆ. ಓಡುವವನ ಲಾಂಛನವೂ ನಿಂತಲ್ಲಿ ನಿಲ್ಲದೆ ಗಡಿ ದಾಟುವಂತೆ ಬರೆದದ್ದು ಜಾಣ ಕೆಲಸ.

ವೃತ್ತವಿಲ್ಲದಿದ್ದರೆ ಕೊರಳನ್ನು ನೋಡಬೇಕು. ಕ್ಯಾಪ್ಟನ್ ಮಾರ್ವೆಲ್‌ಗೆ ಬಿಳಿಯ ಗಿಡ್ಡ ಕೇಪ್ ಇದೆ, ಅದರ ಅಂಚಿಗೆ ಚಿನ್ನದ ಬಣ್ಣದ ಅಲಂಕಾರ. ಸೈನ್ಯದ ವಿಧ್ಯುಕ್ತ ಸಮವಸ್ತ್ರದ ಮೇಲೆ ಹೆಗಲಿಗೆ ಹಾಕಿಕೊಳ್ಳುವ ತುಂಡುನಿಲುವಂಗಿಯ ಧಾಟಿಯದು ಅದು. ಹಗ್ಗವೊಂದರಿಂದ ಒಂದು ಭುಜದ ಮೇಲೆ ಇಳಿಬಿದ್ದಿರುತ್ತದೆ. ಆರಂಭದ ಕಥೆಗಳಲ್ಲಿ ಅವನ ಅಂಗಿಯೂ ಸೈನಿಕರ ಮೇಲಂಗಿಯಂತೆ ಎದೆಯ ಒಂದು ಬದಿಗೆ ಮಡಚಿಕೊಂಡಂತಿತ್ತು, ಮುಂದೆ ಮೈಗಂಟಿದ ಉಡುಪಾಯಿತು. ಸೊಂಟಕ್ಕೆ ಅಗಲವಾದ ಹಳದಿ ನಡುಪಟ್ಟಿ. ಜೇ ಗ್ಯಾರಿಕ್‌ಗೆ ಕೇಪ್ ಇಲ್ಲ, ನಡುಪಟ್ಟಿಯೂ ಇಲ್ಲ. ಅವನ ಸೊಂಟದಿಂದ ಕೆಳಗೆ ನೀಲಿ ಪ್ಯಾಂಟು ಶುರುವಾಗುತ್ತದೆ. ಕತ್ತರಿಯ ಕೃಪೆಯಿಂದ ಚೌಕದ ಕೆಳಅಂಚಿನಲ್ಲಿ ಒಂದೇ ಒಂದು ಎಳೆ ನೀಲಿ ಉಳಿದಿದ್ದರೂ ಸಾಕು, ಹೆಸರು ಹೇಳಿಬಿಡಬಹುದು. ಮುಖ ಸ್ವಲ್ಪ ಕಂಡರಂತೂ ಅನುಮಾನವೇ ಬೇಡ. ಜೇ ತಲೆಗೆ ರೋಮನ್ನರ ಮರ್ಕ್ಯುರಿ ದೇವತೆಯಂತೆ ರೆಕ್ಕೆಯ ಲೋಹದ ಶಿರಸ್ತ್ರಾಣ ಇರುತ್ತದೆ. ಕ್ಯಾಪ್ಟನ್ ಮಾರ್ವೆಲ್‌ದು ಬರಿಮುಖ, ಹಿಂದಕ್ಕೆ ಬಾಚಿದ ಕಪ್ಪು ಕೂದಲು. ಆ ಮುಖಕ್ಕೆ ಹಾಲಿವುಡ್ ನಟ ಫ್ರೆಡ್ ಮ್ಯಾಕ್‌ಮರ್ರಿಯೇ ಮಾದರಿ.

ಇಲ್ಲಿಗೆ ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ವೃತ್ತ ಇದೆ, ಆದ್ದರಿಂದ ಬ್ಯಾರಿ ಎನ್ನುವಂತಿಲ್ಲ. ಬ್ಯಾರಿಯ ಶಿಷ್ಯ ವಾಲಿ ವೆಸ್ಟ್ ಮೊದಲು ಕಿಡ್ ಫ್ಲ್ಯಾಶ್ ಆಗಿದ್ದವನು. ಆರಂಭದಲ್ಲಿ ಅವನು ಗುರುವಿನ ಉಡುಪನ್ನೇ ಚಿಕ್ಕ ಅಳತೆಯಲ್ಲಿ ತೊಟ್ಟಿದ್ದ. 1963ರಲ್ಲಿ ಅವನಿಗೆ ಹಳದಿ ಪ್ರಧಾನವಾದ ಬೇರೆ ಉಡುಪು ಕೊಟ್ಟರು. 1985ರಲ್ಲಿ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ ಕಥೆಯಲ್ಲಿ ಬ್ಯಾರಿ ಸತ್ತ. ಆಮೇಲೆ ಕೆಂಪು ಉಡುಪು ವಾಲಿಯ ಪಾಲಿಗೆ ಬಂತು, ಮೊದಮೊದಲು ಒಂದು ಹೊಲಿಗೆಯೂ ಬದಲಾಗದೆ. 1991ರಲ್ಲಿ ಅವನ ಪತ್ರಿಕೆಯ 50ನೆಯ ಸಂಚಿಕೆಯಲ್ಲಿ ಉಡುಪು ಬದಲಾಯಿತು. ಕೆಂಪು ಗಾಢವಾಗಿ ಹೊಳಪೇರಿತು, ಕಣ್ಣುಗಳ ಜಾಗದಲ್ಲಿ ಬರಿಯ ಬಿಳಿ ಮೂಡಿತು. ಎಲ್ಲಕ್ಕಿಂತ ಮುಖ್ಯವಾಗಿ ಬೆಲ್ಟ್ ಬದಲಾಯಿತು. ಬ್ಯಾರಿಯ ಬೆಲ್ಟ್ ಸೊಂಟದ ಸುತ್ತ ಅಡ್ಡಕ್ಕೆ ಓಡುವ ಅಂಕುಡೊಂಕಿನ ಹಳದಿ ಗೆರೆ. ವಾಲಿಯ ಬೆಲ್ಟ್‌ನಲ್ಲಿ ಎರಡು ಮಿಂಚುಗಳು ಎರಡು ಕಡೆಯಿಂದ ಇಳಿದು ಹೊಕ್ಕುಳ ಕೆಳಗೆ ‘ವಿ’ ಆಕಾರದಲ್ಲಿ ಕೂಡುತ್ತವೆ.

ಹಾಗಾಗಿ ಫ್ಲ್ಯಾಶ್ ಅಭಿಮಾನಿಗಳು ಎದೆಗಿಂತ ಸೊಂಟವನ್ನೇ ಹೆಚ್ಚು ನಂಬುತ್ತಾರೆ. ಆದರೆ ಈ ಉಪಾಯಕ್ಕೂ ಒಂದು ಮಿತಿ ಉಂಟು. 1986ರಿಂದ 1991ರವರೆಗಿನ ಐದು ವರ್ಷಗಳ ವಾಲಿ ಬ್ಯಾರಿಯ ಬೆಲ್ಟನ್ನೇ ಕಟ್ಟಿದ್ದ. ಆ ಅವಧಿಯ ಚೌಕವೊಂದು ಸಿಕ್ಕರೆ, ಮುಖವಾಡದೊಳಗಿನ ಕಣ್ಣಿನ ಬಣ್ಣ ಒಂದೇ ಗತಿ: ಬ್ಯಾರಿಯದು ನೀಲಿ, ವಾಲಿಯದು ಹಸಿರು. ಹಳೆಯ ಮುದ್ರಣದಲ್ಲಿ ಸಾಸಿವೆಯಷ್ಟು ಕಣ್ಣಿಗೆ ಬಣ್ಣ ತುಂಬುವ ವ್ಯವಧಾನ ಎಲ್ಲರಿಗೂ ಇರುತ್ತಿರಲಿಲ್ಲ. ಅಂಥ ಕಡೆ ‘ಬ್ಯಾರಿ ಅಥವಾ ವಾಲಿ’ ಎಂದು ಹೇಳಿ ಸುಮ್ಮನಾಗುವುದೇ ಸರಿ.

ಇನ್ನು ಬಣ್ಣದ ವಿಚಾರ. ಬಣ್ಣ ನೋಡಿ ಗುರುತಿಸುವುದು ಸುಲಭ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಈ ಇಡೀ ವಿದ್ಯೆಯಲ್ಲಿ ಹೆಚ್ಚು ಮೋಸ ಮಾಡುವ ಸಾಕ್ಷಿ ಬಣ್ಣವೇ. ಅದು ಏಕೆ ಎಂದು ತಿಳಿಯಲು ಹಳೆಯ ಅಚ್ಚುಮನೆಯೊಳಗೆ ಇಣುಕಬೇಕು.

ದಶಕಗಳ ಕಾಲ ಅಮೆರಿಕದ ಕಾಮಿಕ್ ಪುಸ್ತಕಗಳು ಅಗ್ಗದ ಸುದ್ದಿಕಾಗದದ ಮೇಲೆ ನಾಲ್ಕು ಶಾಯಿಗಳಲ್ಲಿ ಅಚ್ಚಾಗುತ್ತಿದ್ದವು. ಗೆರೆಗೆ ಕಪ್ಪು, ಬಣ್ಣಕ್ಕೆ ಹಳದಿ, ಮಜೆಂಟಾ ಮತ್ತು ಸಯಾನ್. ಮೂರು ಬಣ್ಣಗಳಲ್ಲಿ ಒಂದೊಂದನ್ನೂ ಪೂರ್ತಿ, ಅರ್ಧ, ಕಾಲು ಅಥವಾ ಸೊನ್ನೆ ಎಂಬ ನಾಲ್ಕು ಹದಗಳಲ್ಲಿ ಹಾಕಬಹುದಿತ್ತು. ನಾಲ್ಕನ್ನು ಮೂರು ಸಲ ಗುಣಿಸಿದರೆ 64. ಬಣ್ಣಗಾರನ ಕೈಯಲ್ಲಿದ್ದ ಒಟ್ಟು ಸಂಪತ್ತು ಅಷ್ಟೇ. ಅರ್ಧ, ಕಾಲು ಹದಗಳು ಚುಕ್ಕಿಗಳಾಗಿ ಮೂಡುವುದರಿಂದ ಮಂಕಾಗಿ ಕಾಣುತ್ತಿದ್ದವು. ಪೂರ್ತಿ ಹಳದಿ, ಪೂರ್ತಿ ಹಳದಿಯ ಮೇಲೆ ಪೂರ್ತಿ ಮಜೆಂಟಾ ಹಾಕಿದಾಗ ಬರುವ ಕೆಂಪು, ಇವು ಚುಕ್ಕಿಗಳಿಲ್ಲದೆ ಢಾಳಾಗಿ ಅಚ್ಚಾಗುತ್ತಿದ್ದವು. ನಾಯಕರು ಕೆಂಪು ಹಳದಿ ನೀಲಿಗಳಲ್ಲಿ ಮೆರೆದದ್ದಕ್ಕೆ ಸೌಂದರ್ಯದೃಷ್ಟಿಯ ಜೊತೆಗೆ ಈ ಅಚ್ಚಿನ ಲೆಕ್ಕಾಚಾರವೂ ಕಾರಣ. ಎರಡು ಪ್ರತಿಸ್ಪರ್ಧಿ ಸಂಸ್ಥೆಗಳು ಒಂದೇ ತಿಂಗಳ ಅಂತರದಲ್ಲಿ ಕೆಂಪಿನ ಮೇಲೆ ಹಳದಿ ಮಿಂಚನ್ನು ಹೊಳೆಸಿದ್ದು ಈ ದೃಷ್ಟಿಯಿಂದ ಅಂಥ ಪವಾಡವೇನಲ್ಲ.

ನಾಯಕರಿಗೆ ಮೂಲವರ್ಣಗಳು ಹೋದ ಮೇಲೆ ಖಳರಿಗೆ ಉಳಿದದ್ದು ಹಸಿರು ಮತ್ತು ನೇರಳೆ. ಜೋಕರ್, ಲೆಕ್ಸ್ ಲೂಥರ್, ಗ್ರೀನ್ ಗಾಬ್ಲಿನ್, ಮಿಸ್ಟೀರಿಯೊ ಇವರೆಲ್ಲ ಆ ಎರಡು ಬಣ್ಣಗಳ ಮಕ್ಕಳು. ಅಪರಿಚಿತ ಚೌಕದಲ್ಲಿ ಹಸಿರು ನೇರಳೆ ಒಟ್ಟಿಗೆ ಕಂಡರೆ ಖಳ ಎಂದು ಊಹಿಸಿದವನು ಸಾಮಾನ್ಯವಾಗಿ ಗೆಲ್ಲುತ್ತಾನೆ, ಹಸಿರು ಮೈಗೆ ನೇರಳೆ ಚಡ್ಡಿ ತೊಟ್ಟ ಹಲ್ಕ್ ಎದುರಾಗುವ ತನಕ.

ಹಲ್ಕ್‌ನ ಕಥೆಯೇ ಬಣ್ಣದ ಮೋಸಕ್ಕೆ ಒಳ್ಳೆಯ ಉದಾಹರಣೆ. 1962ರ ಮೇ ತಿಂಗಳ ಮೊದಲ ಸಂಚಿಕೆಯಲ್ಲಿ ಅವನು ಬೂದು ಬಣ್ಣದವನು. ಆದರೆ ಮೂರು ಶಾಯಿಗಳ ಚುಕ್ಕಿ ಸೇರಿಸಿ ತಯಾರಿಸುವ ಬೂದು ಒಂದು ಪುಟದಲ್ಲಿ ಒಂದು ಥರ, ಇನ್ನೊಂದು ಪುಟದಲ್ಲಿ ಇನ್ನೊಂದು ಥರ ಬಂದು ಅವನ ಮೈಬಣ್ಣ ಗೊತ್ತುಗುರಿಯಿಲ್ಲದಂತಾಯಿತು. ಎರಡನೆಯ ಸಂಚಿಕೆಗೆ ಅವನನ್ನು ಹಸಿರು ಮಾಡಿದರು. ಮುಂದೆ ಆ ಮೊದಲ ಕಥೆಯನ್ನು ಮರುಮುದ್ರಿಸಿದಾಗ ಅಲ್ಲಿಯೂ ಹಸಿರನ್ನೇ ಬಳಿದರು. ಅಂದರೆ ಒಂದೇ ಚೌಕ, ಒಂದೇ ಗೆರೆ, ಎರಡು ಮೈಬಣ್ಣ. ಫ್ಯಾಂಟಮ್‌ನ ಕಥೆ ಇದಕ್ಕಿಂತ ಸ್ವಾರಸ್ಯ. ಲೀ ಫಾಕ್ ಸೃಷ್ಟಿಸಿದ ಅವನು ಅಮೆರಿಕದಲ್ಲಿ ನೇರಳೆ, ಇಟಲಿಯಲ್ಲಿ ಕೆಂಪು, ಸ್ವೀಡನ್ನಿನಲ್ಲಿ ನೀಲಿ. ಅವನನ್ನು ಹಿಡಿಯಬೇಕಾದರೆ ಉಡುಪಿನ ಬಣ್ಣವನ್ನು ಮರೆತು ಪಟ್ಟೆಪಟ್ಟೆ ಚಡ್ಡಿಯನ್ನೂ ತಲೆಬುರುಡೆಯ ಉಂಗುರವನ್ನೂ ಹುಡುಕಬೇಕು.

ನಮ್ಮ ಮಿಂಚಿನ ಚೌಕಕ್ಕೆ ಇದರಿಂದ ಏನು ಸಿಕ್ಕಿತು? ಬಿಳಿಯ ವೃತ್ತ ಎಂದು ಆಗ ಹೇಳಿದೆವು. ಅಚ್ಚಿನಲ್ಲಿ ಬಿಳಿ ಎಂದರೆ ಶಾಯಿ ಬೀಳದ ಜಾಗ, ಬರಿಯ ಕಾಗದ. ಸುದ್ದಿಕಾಗದ ಹಳತಾದಂತೆ ಕಂದು ತಿರುಗುತ್ತದೆ. ಅರವತ್ತು ವರ್ಷಗಳ ಹಿಂದಿನ ಪುಸ್ತಕದಲ್ಲಿ ಆ ‘ಬಿಳಿ’ ವೃತ್ತ ಹಾಲಿನ ಕೆನೆಯ ಬಣ್ಣಕ್ಕೋ ತಿಳಿಹಳದಿಗೋ ಇಳಿದು, ಮಿಂಚಿನ ಹಳದಿಯೊಂದಿಗೆ ಬೆರೆತಂತೆ ಕಾಣಬಹುದು. ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಂತೂ ವೃತ್ತವೇ ಇಲ್ಲವೇನೋ ಎನ್ನಿಸಬಹುದು. ಅಂಥ ಹೊತ್ತಿನಲ್ಲಿ ನಂಬಬೇಕಾದದ್ದು ಕಪ್ಪು ಗೆರೆಯನ್ನು. ಬಣ್ಣ ಮಾಸಲಿ, ಬೇರೆ ಬಳಿಯಲಿ, ವೃತ್ತದ ಸುತ್ತ ಕಲಾವಿದ ಎಳೆದ ಕಪ್ಪು ಗೆರೆ ಇದ್ದಲ್ಲಿಯೇ ಇರುತ್ತದೆ.

ಇನ್ನೊಂದು ಸಣ್ಣ ಪರೀಕ್ಷೆಯೂ ಉಂಟು. ನಾಲ್ಕು ಶಾಯಿಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರದೆ ಪಕ್ಕಕ್ಕೆ ಜಾರುವುದು ಹಳೆಯ ಕಾಮಿಕ್ಸ್‌ನಲ್ಲಿ ಮಾಮೂಲು. ಕೆಂಪಿನಲ್ಲೂ ಹಳದಿ ಅಡಗಿರುವುದರಿಂದ ಮಿಂಚಿಗೂ ಅದರ ಸುತ್ತಲಿನ ಕೆಂಪಿಗೂ ತಳದಲ್ಲಿ ಹಳದಿ ಒಂದೇ ಸಮ ಹರಡಿರುತ್ತದೆ. ಮಿಂಚಿನ ಜಾಗದಲ್ಲಿ ಮಜೆಂಟಾ ಮಾತ್ರ ಇರುವುದಿಲ್ಲ. ಆದ್ದರಿಂದ ಮಜೆಂಟಾ ಜಾರಿದರೆ ಮಿಂಚಿನ ಒಂದು ಬದಿಗೆ ಕೆಂಪು ನುಗ್ಗಿ, ಇನ್ನೊಂದು ಬದಿಗೆ ಹಳದಿ ಗೆರೆಯಾಚೆ ಚೆಲ್ಲುತ್ತದೆ, ನಡುವೆ ಬಿಳಿಯ ಬಿರುಕು ಕಾಣುವುದಿಲ್ಲ. ಮಿಂಚಿನ ಪಕ್ಕದಲ್ಲಿ ಬರಿಯ ಕಾಗದ ಇಣುಕಿದರೆ ಅಲ್ಲಿ ಶಾಯಿಯಿಲ್ಲದ ವೃತ್ತವೇ ಇದೆ ಎಂದು ತಿಳಿಯಬಹುದು. ಭೂತಗನ್ನಡಿ ಇದ್ದವರು ಮಾಡಿ ನೋಡಬಹುದಾದ ಕೆಲಸ.

ಬಣ್ಣ ಪೂರ್ತಿ ಸುಳ್ಳುಗಾರನೇನಲ್ಲ. ಮಿಂಚಿನ ಹಳದಿ ಹಾಗೆಯೇ ಇದ್ದು ಉಡುಪಿನ ಬಣ್ಣ ಬದಲಾದಾಗ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಕಪ್ಪು ಉಡುಪಿನ ಮೇಲೆ ಹಳದಿ ಮಿಂಚು ಕಂಡರೆ ಕ್ಯಾಪ್ಟನ್ ಮಾರ್ವೆಲ್‌ನ ವೈರಿ ಬ್ಲ್ಯಾಕ್ ಆಡಮ್ ನೆನಪಾಗುತ್ತಾನೆ. 1945ರಲ್ಲಿ ಫಾಸೆಟ್ ಪುಟಗಳಲ್ಲಿ ಹುಟ್ಟಿದವನು. ಅದೇ ಕಪ್ಪು ಹಳದಿಯಲ್ಲಿ, ಸೊಂಟಕ್ಕೆ ಕೆಂಪು ನಡುಪಟ್ಟಿ ಸುತ್ತಿದ ಹೆಣ್ಣಾದರೆ ಮಾರ್ವೆಲ್ ಸಂಸ್ಥೆಯ ಕ್ಯಾರಲ್ ಡ್ಯಾನ್ವರ್ಸ್. ಮಿಸ್ ಮಾರ್ವೆಲ್ ಆಗಿದ್ದ ಆಕೆಗೆ 1978ರಲ್ಲಿ ಡೇವ್ ಕಾಕ್ರಮ್ ಕೊಟ್ಟ ಉಡುಪು ಅದು. ಉಡುಪು ಹಳದಿ, ಮಿಂಚು ಕೆಂಪು ಎಂದರೆ ಫ್ಲ್ಯಾಶ್‌ನ ಬಣ್ಣ ತಿರುವುಮುರುವಾದ ರಿವರ್ಸ್-ಫ್ಲ್ಯಾಶ್ ಇರಬಹುದು, ಕಿಡ್ ಫ್ಲ್ಯಾಶ್ ಕೂಡ ಇರಬಹುದು. ಮುಖವಾಡದ ಮೇಲ್ಭಾಗ ತೆರೆದಿದ್ದು ಕೆಂಗೂದಲು ಕಂಡರೆ ಹುಡುಗ, ತಲೆ ಪೂರ್ತಿ ಮುಚ್ಚಿದ್ದರೆ ಖಳ.

ಇವೆಲ್ಲಕ್ಕಿಂತ ಕಠಿಣವಾದದ್ದು ನೀಲಿಯ ಮೇಲಿನ ಹಳದಿ ಮಿಂಚು, ಜೊತೆಗೆ ಹೆಗಲಿನಿಂದ ಹಾರುವ ಕೆಂಪು ಬಟ್ಟೆ. ಈ ವಿವರಣೆಗೆ ಎಪ್ಪತ್ತು ವರ್ಷಗಳ ಅಂತರದಲ್ಲಿ ಇಬ್ಬರು ಹೊಂದುತ್ತಾರೆ. ಒಬ್ಬ 1941ರ ಕ್ಯಾಪ್ಟನ್ ಮಾರ್ವೆಲ್ ಜೂನಿಯರ್, ಊರುಗೋಲು ಹಿಡಿದು ನಡೆಯುವ ಬಡಹುಡುಗ ಫ್ರೆಡ್ಡಿ ಫ್ರೀಮನ್‌ನ ಇನ್ನೊಂದು ರೂಪ. ಅವನ ಹೆಗಲ ಮೇಲಿನದು ಕೆಂಪು ಕೇಪ್. ಇನ್ನೊಬ್ಬಳು ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹುಡುಗಿ ಕಮಲಾ ಖಾನ್, 2014ರಲ್ಲಿ ತನ್ನದೇ ಪತ್ರಿಕೆ ಪಡೆದ ಹೊಸ ಮಿಸ್ ಮಾರ್ವೆಲ್. ಜೇಮೀ ಮೆಕೆಲ್ವಿ ರೂಪಿಸಿದ ಅವಳ ಉಡುಪಿನಲ್ಲಿ ಹಾರುವುದು ಕೆಂಪು ಸ್ಕಾರ್ಫ್. ಚೌಕದಲ್ಲಿ ಎದೆ ಮತ್ತು ಬಟ್ಟೆಯ ತುದಿಯಷ್ಟೇ ಉಳಿದಿದ್ದರೆ ಲಾಂಛನವಾಗಲಿ ಬಣ್ಣವಾಗಲಿ ಇವರನ್ನು ಸಲೀಸಾಗಿ ಬೇರ್ಪಡಿಸಲಾರವು. ಆಗ ಗೆರೆಯ ಬಳಿಗೇ ಹೋಗಬೇಕು.

ಫ್ರೆಡ್ಡಿಯನ್ನು ಮೊದಲು ಬರೆದವನು ಮ್ಯಾಕ್ ರಾಬಾಯ್. ತೆಳುವಾದ, ನಾಜೂಕಾದ ಗೆರೆ. ನಿಜದ ಹುಡುಗನ ಮೈಕಟ್ಟು. ಬಟ್ಟೆಯ ಮಡಿಕೆಗಳಲ್ಲಿ ಆಳವಾದ ನೆರಳು. ಕಮಲಾಳ ಮೊದಲ ಕಥೆಗಳನ್ನು ಚಿತ್ರಿಸಿದ ಏಡ್ರಿಯನ್ ಆಲ್ಫೋನನದು ಸಡಿಲವಾದ, ತುಸು ಹಾಸ್ಯ ಬೆರೆತ ಕೈ. ಕಂಪ್ಯೂಟರಿನಲ್ಲಿ ತುಂಬಿದ ಬಣ್ಣ ಅಲ್ಲಿ ಚುಕ್ಕಿಗಳಿಲ್ಲದೆ ನಯವಾಗಿ ಇಳಿಯುತ್ತದೆ. ಚುಕ್ಕಿ ಇದೆಯೋ ಇಲ್ಲವೋ ಎಂಬುದೊಂದೇ ಈ ಜೋಡಿಯ ಮಟ್ಟಿಗೆ ಹೆಚ್ಚುಕಡಿಮೆ ತೀರ್ಪು ಕೊಟ್ಟುಬಿಡುತ್ತದೆ.

ಪ್ರಕಾಶನ ಸಂಸ್ಥೆಗೊಂದು ಶೈಲಿ ಇರುತ್ತದೆ ಎಂಬ ಮಾತನ್ನು ಅಭಿಮಾನಿಗಳು ಬಹಳ ಭರವಸೆಯಿಂದ ಆಡುತ್ತಾರೆ. ಅದು ಅರ್ಧ ಸತ್ಯ. ಮೇಲಿನ ರಾಬಾಯ್ ಕೆಲಸ ಮಾಡಿದ್ದು ಫಾಸೆಟ್‌ಗೆ, ಬೆಕ್ ಕೆಲಸ ಮಾಡಿದ್ದೂ ಫಾಸೆಟ್‌ಗೇ. ಬೆಕ್‌ನ ಕ್ಯಾಪ್ಟನ್ ಮಾರ್ವೆಲ್ ಮಾತ್ರ ವ್ಯಂಗ್ಯಚಿತ್ರಕ್ಕೆ ಹತ್ತಿರ: ಸರಳ, ತಿಳಿಯಾದ ಹೊರಗೆರೆ, ಕಿರಿದು ಮಾಡಿದ ಕಣ್ಣು, ಅನಗತ್ಯ ನೆರಳಿಲ್ಲ, ಹಿನ್ನೆಲೆಯಲ್ಲಿ ಕಥೆಗೆ ಬೇಕಾದಷ್ಟೇ ಸಾಮಾನು. ಒಂದೇ ಸಂಸ್ಥೆ, ಒಂದೇ ಕಾಲ, ಒಂದೇ ಕಥಾಕುಟುಂಬ. ಕೈಗಳು ಮಾತ್ರ ಉತ್ತರ ದಕ್ಷಿಣ.

ಬೆಕ್‌ನ ಗೆರೆ ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ಕ್ಯಾಪ್ಟನ್ ಮಾರ್ವೆಲ್ ಸೂಪರ್‌ಮ್ಯಾನನ ನಕಲು ಎಂದು ಡಿಸಿಯ ಅಂದಿನ ಸಂಸ್ಥೆ 1941ರಲ್ಲಿ ಹೂಡಿದ ಮೊಕದ್ದಮೆ ವರ್ಷಾನುಗಟ್ಟಲೆ ನಡೆದು, 1953ರಲ್ಲಿ ಫಾಸೆಟ್ ಅವನ ಕಥೆಗಳನ್ನು ನಿಲ್ಲಿಸಿತು. ಎರಡು ದಶಕಗಳ ಬಳಿಕ ಆ ಡಿಸಿಯೇ ಹಕ್ಕು ಪಡೆದು 1973ರಲ್ಲಿ ಅವನನ್ನು ಮರಳಿ ತಂದಿತು, ಚಿತ್ರ ಬರೆಯಲು ಬೆಕ್‌ನನ್ನೇ ಕರೆಸಿಕೊಂಡಿತು. ಅಷ್ಟರಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ ಎಂಬ ಹೆಸರಿನಲ್ಲಿ ಮಾರ್ವೆಲ್ ಸಂಸ್ಥೆ ಬೇರೊಬ್ಬ ನಾಯಕನನ್ನು ಹುಟ್ಟಿಸಿಯಾಗಿತ್ತು, ಹೀಗಾಗಿ ಪತ್ರಿಕೆಗೆ ‘ಶಜಾಮ್!’ ಎಂದು ಹೆಸರಿಟ್ಟರು. ಈಗ ನೋಡಿ, ಬೆಕ್‌ನ ಕೈಬರಹದ ಒಂದು ಚೌಕ ಸಿಕ್ಕರೆ ಅದು 1940ರ ದಶಕದ ಫಾಸೆಟ್‌ನದ್ದೂ ಆಗಬಹುದು, 1973ರ ಡಿಸಿಯದ್ದೂ ಆಗಬಹುದು. ನಾಯಕ ಒಬ್ಬನೇ, ಕೈ ಒಂದೇ, ಮಾಲೀಕ ಬೇರೆ. ಹಿನ್ನೆಲೆಯಲ್ಲಿ ಕಾರೋ ಟೀವಿಯೋ ಪ್ಯಾಂಟಿನ ಅಗಲವೋ ಕಂಡರೆ ಬಚಾವು, ಇಲ್ಲದಿದ್ದರೆ ಪ್ರಕಾಶಕ ಯಾರೆಂದು ಹೇಳುವುದು ಕಷ್ಟ.

ಮನೆಶೈಲಿ ಎಂಬುದು ನಿಜವಾಗಿಯೂ ಇತ್ತು ಎನ್ನುವುದಕ್ಕೆ ಒಂದು ವಿಚಿತ್ರ ಸಾಕ್ಷಿಯೂ ಇದೆ. 1960ರ ದಶಕದಲ್ಲಿ ಮಾರ್ವೆಲ್‌ಗೆ ರೂಪ ಕೊಟ್ಟವರಲ್ಲಿ ಜ್ಯಾಕ್ ಕರ್ಬಿ ಮೊದಲಿಗ. ಚೌಕಾಕಾರದ ಬೆರಳ ತುದಿ, ಓದುಗನ ಮುಖಕ್ಕೇ ಬಂದಂತೆ ದೊಡ್ಡದಾಗುವ ಮುಷ್ಟಿ, ಶಕ್ತಿ ಸ್ಫೋಟಿಸಿದಲ್ಲೆಲ್ಲ ಗುಂಪುಗುಂಪಾದ ಕಪ್ಪು ಗುಂಡುಗಳು: ಇವು ಅವನ ಮುದ್ರೆ. 1970ರಲ್ಲಿ ಅವನು ಡಿಸಿಗೆ ಬಂದು ‘ಜಿಮ್ಮಿ ಓಲ್ಸನ್’ ಪತ್ರಿಕೆಯಲ್ಲಿ ಸೂಪರ್‌ಮ್ಯಾನನನ್ನು ಬರೆದ. ಡಿಸಿಯವರಿಗೆ ಆ ಮುಖ ತಮ್ಮ ಸೂಪರ್‌ಮ್ಯಾನನದು ಎನ್ನಿಸಲಿಲ್ಲ. ಆಲ್ ಪ್ಲಾಸ್ಟಿನೊ, ಮರ್ಫಿ ಆಂಡರ್ಸನ್ ಅವರಿಂದ ಮುಖಗಳನ್ನು ತಿದ್ದಿಸಿದರು. ಮೈ ಕರ್ಬಿಯದು, ತಲೆ ಡಿಸಿಯದು! ಅಂಥ ಚೌಕವನ್ನು ಕತ್ತಿನ ಕೆಳಗೆ ಕತ್ತರಿಸಿ ಕೊಟ್ಟರೆ ಮಾರ್ವೆಲ್ ಎಂದೂ, ಕತ್ತಿನ ಮೇಲೆ ಕತ್ತರಿಸಿ ಕೊಟ್ಟರೆ ಡಿಸಿ ಎಂದೂ ಹೇಳಿಯಾರು. ಡಿಸಿಯ ಫ್ಲ್ಯಾಶ್‌ಗೆ ರೂಪು ಕೊಟ್ಟ ಇನ್‌ಫ್ಯಾಂಟಿನೊ ಕೂಡ 1970ರ ದಶಕದ ಕೊನೆಗೆ ಮಾರ್ವೆಲ್‌ನ ‘ಸ್ಟಾರ್ ವಾರ್ಸ್’ ಚಿತ್ರಿಸುತ್ತಿದ್ದ.

ಆದ್ದರಿಂದ ಶೈಲಿಯನ್ನು ‘ಯಾರು’ ಎಂಬ ಪ್ರಶ್ನೆಗಿಂತ ‘ಯಾವಾಗ’ ಎಂಬ ಪ್ರಶ್ನೆಗೆ ಬಳಸುವುದು ಜಾಣತನ. ಸೊಂಟ ತೊಡೆಗಳ ತುಂಬ ಜೇಬುಚೀಲಗಳು, ಕಚ್ಚಿದ ಹಲ್ಲು, ಮುಖದ ತುಂಬ ಗೀರುಗೀರಾದ ನೆರಳು ಕಂಡರೆ ಅದು 1990ರ ದಶಕ. ಮಾರ್ವೆಲ್ ತೊರೆದ ಏಳು ಕಲಾವಿದರು 1992ರಲ್ಲಿ ಕಟ್ಟಿದ ಇಮೇಜ್ ಸಂಸ್ಥೆಯೊಂದಿಗೆ ಆ ಅಬ್ಬರ ತಳುಕು ಹಾಕಿಕೊಂಡಿದೆ. ಆದರೆ ಮಾರ್ವೆಲ್, ಡಿಸಿ ಎರಡೂ ಅದನ್ನು ಧಾರಾಳವಾಗಿ ಅನುಕರಿಸಿದವು. ಹಾಗೆಯೇ ಫ್ಲ್ಯಾಶ್ ಉಡುಪಿನ ಮೇಲೆ ಕವಚದ ಜೋಡಣೆಯಂಥ ಗೆರೆಗಳು ಓಡಾಡಿದ್ದರೆ 2011ರ ನಂತರದ್ದು, ಡಿಸಿ ತನ್ನೆಲ್ಲ ನಾಯಕರನ್ನು ಹೊಸದಾಗಿ ಆರಂಭಿಸಿದ ಮೇಲಿನದು. ಶಜಾಮ್‌ನ ಬಿಳಿ ಕೇಪ್‌ಗೆ ತಲೆಮುಸುಕು ಅಂಟಿಕೊಂಡು, ಎದೆಯ ಮಿಂಚು ನಿಜವಾಗಿಯೇ ಬೆಳಕು ಚೆಲ್ಲುತ್ತಿದ್ದರೆ ಅದು 2012ರಲ್ಲಿ ಗ್ಯಾರಿ ಫ್ರ್ಯಾಂಕ್ ಬರೆದ ಆವೃತ್ತಿ ಅಥವಾ ಅದರ ಸಂತಾನ.

ಶೈಲಿ ಏನೇನೂ ಸಹಾಯ ಮಾಡದ ಸಂದರ್ಭವೂ ಇದೆ, ಅದೂ ಬಲು ಪ್ರಸಿದ್ಧವಾದದ್ದು. 1961ರ ಸೆಪ್ಟೆಂಬರ್ ತಿಂಗಳ ‘ದಿ ಫ್ಲ್ಯಾಶ್’ 123ನೆಯ ಸಂಚಿಕೆಯಲ್ಲಿ ಹಳೆಯ ಫ್ಲ್ಯಾಶ್ ಜೇ, ಹೊಸ ಫ್ಲ್ಯಾಶ್ ಬ್ಯಾರಿ ಇಬ್ಬರೂ ಮೊದಲ ಬಾರಿಗೆ ಭೇಟಿಯಾಗುತ್ತಾರೆ. ಮುಖಪುಟದಲ್ಲಿ ಉಕ್ಕಿನ ತೊಲೆಯಡಿ ಸಿಕ್ಕಲಿರುವ ಮನುಷ್ಯನೊಬ್ಬನನ್ನು ಉಳಿಸಲು ಗೋಡೆಯೊಂದರ ಎರಡು ಬದಿಗಳಿಂದ ಇಬ್ಬರೂ ಧಾವಿಸುತ್ತಿದ್ದಾರೆ. ಚಿತ್ರಿಸಿದವರು ಇನ್‌ಫ್ಯಾಂಟಿನೊ ಮತ್ತು ಆಂಡರ್ಸನ್. ಆ ಚಿತ್ರವನ್ನು ಗೋಡೆಯ ಗುಂಟ ಎರಡು ತುಂಡು ಮಾಡಿದರೆ ಸಂಸ್ಥೆ ಒಂದೇ, ವರ್ಷ ಒಂದೇ, ಕೈ ಒಂದೇ, ಎರಡೂ ತುಂಡುಗಳಲ್ಲಿ ಕೆಂಪು ಎದೆಗೆ ಹಳದಿ ಮಿಂಚು. ಹಳೆಯ ಗೆರೆ ಹೊಸ ಗೆರೆ ಎಂಬ ವ್ಯತ್ಯಾಸವನ್ನು ನೆಚ್ಚಿಕೊಂಡವನು ಇಲ್ಲಿ ಬರಿಗೈಯಾಗುತ್ತಾನೆ. ವೃತ್ತ, ಶಿರಸ್ತ್ರಾಣ, ನೀಲಿ ಪ್ಯಾಂಟು ಇವು ಮೂರೇ ಅವನ ಪಾಲಿನ ಆಧಾರ.

ಇಷ್ಟೆಲ್ಲ ನೋಡಿದ ಮೇಲೂ ಕೆಲವು ಚೌಕಗಳು ಬಾಯಿ ಬಿಡುವುದಿಲ್ಲ. ಬೇಕೆಂದೇ ಒಬ್ಬರನ್ನು ಇನ್ನೊಬ್ಬರಂತೆ ಕಾಣಿಸುವ ಕಥೆಗಳಿವೆ. ಮಾರ್ವೆಲ್ ಸಂಸ್ಥೆ 1969ರಲ್ಲಿ ಡಿಸಿಯ ನಾಯಕರ ತಂಡವನ್ನು ಅಣಕಿಸಿ ತನ್ನದೇ ಒಂದು ತಂಡ ಕಟ್ಟಿತು, ಅದರಲ್ಲಿ ಫ್ಲ್ಯಾಶ್‌ನ ಅಣಕವಾದ ಓಟಗಾರನೂ ಇದ್ದಾನೆ. ಕಪ್ಪುಬಿಳುಪಿನ ಮರುಮುದ್ರಣಗಳೂ ಉಂಟು. ಅಲ್ಲಿ ಬಣ್ಣದ ಪ್ರಶ್ನೆಯೇ ಏಳುವುದಿಲ್ಲ, ಕ್ಯಾಪ್ಟನ್ ಮಾರ್ವೆಲ್‌ಗೂ ಅವನ ಜೂನಿಯರ್‌ಗೂ ಕೇಪ್‌ನ ಅಲಂಕಾರ, ವಯಸ್ಸು ನೋಡಿಯೇ ಭೇದ ಹೇಳಬೇಕು.

ಊಹೆಯನ್ನು ಪರೀಕ್ಷಿಸಿಕೊಳ್ಳಬೇಕೆನ್ನುವವರಿಗೆ ಒಂದು ಒಳ್ಳೆಯ ದಾರಿ ಇದೆ. ಸ್ವಯಂಸೇವಕರು ಕಟ್ಟಿ ನಡೆಸುತ್ತಿರುವ ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್ comics.org ವಿಳಾಸದಲ್ಲಿ ಉಚಿತವಾಗಿ ಸಿಗುತ್ತದೆ. ಸಂಚಿಕೆವಾರು ಮುಖಪುಟಗಳು, ಬರೆದವರು, ಗೆರೆ ಎಳೆದವರ ಹೆಸರುಗಳು ಅಲ್ಲಿವೆ. ಮೊದಲು ಚೌಕವನ್ನು ನೋಡಿ ವಂಶ, ವ್ಯಕ್ತಿ, ದಶಕ ಮೂರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಆ ದಶಕದ ಮುಖಪುಟಗಳನ್ನು ತೆರೆದು ಬೆಲ್ಟ್, ಕೊರಳು, ವೃತ್ತ ಹೊಂದುತ್ತವೆಯೇ ನೋಡಿ.